ಶಾಫ್ಟಿನ ಅಲೆಗೆರೆಗಳು

ಯಾರ ಮನೆಯಲ್ಲಾದರೂ ಪಿಂಗಾಣಿ ಕಪ್ಪು ಬಿದ್ದು ಒಡೆದರೆ ಜನ ಮೊದಲು ಮಾಡುವ ಕೆಲಸ ಒಂದೇ. ಎರಡು ಚೂರನ್ನೂ ಎತ್ತಿಕೊಂಡು ಒಂದಕ್ಕೊಂದು ಜೋಡಿಸಿ ನೋಡುತ್ತಾರೆ. ಕೂಡುತ್ತದೆ ಅಂತಲೂ ಗೊತ್ತು, ಕೂಡಿದರೂ ಪ್ರಯೋಜನವಿಲ್ಲ ಅಂತಲೂ ಗೊತ್ತು, ಆದರೂ ಕೈ ಸುಮ್ಮನಿರುವುದಿಲ್ಲ. ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. "ಇಡ್ರೀ ಕೆಳಗೆ!" ಎಂದು ಕೂಗಿ ನೆಂಟರ ಮನೆಗಳಲ್ಲಿ ಹಲವು ಸಲ ನಗೆಪಾಟಲಾಗಿದ್ದೇನೆ. ರಿಟೈರ್ ಆಗಿ ಆರು ವರ್ಷವಾದರೂ ಅಮ್ಮನ ತಲೆಯಿಂದ ಲ್ಯಾಬ್ ಇಳಿದಿಲ್ಲ ಎಂದು ನನ್ನ ಮಗಳು ಆಡಿಕೊಳ್ಳುತ್ತಾಳೆ. ಇಳಿಯುವುದಾದರೂ ಹೇಗೆ? ಮೂವತ್ತು ವರ್ಷ ನಾನು ಮುರಿದ ಕಬ್ಬಿಣವನ್ನೇ ನೋಡಿ ಅನ್ನ ತಿಂದವಳು.

ನಮ್ಮದು ದೊಡ್ಡ ಎರಕದ ಕಾರ್ಖಾನೆ. ಅದರ ಹಿಂಭಾಗದಲ್ಲಿ, ಮರಳು ರಾಶಿ ದಾಟಿದ ಮೇಲೆ, ಎರಡೇ ಕೋಣೆಯ ಲ್ಯಾಬು. ಒಂದು ಕೋಣೆಯಲ್ಲಿ ಗಡಸುತನ ಅಳೆಯುವ ಯಂತ್ರ ಮತ್ತು ಪಾಲಿಶ್ ಚಕ್ರಗಳು. ಇನ್ನೊಂದರಲ್ಲಿ ಉದ್ದನೆಯ ಮೇಜು, ಎರಡು ಕಣ್ಣಿನ ಸೂಕ್ಷ್ಮದರ್ಶಕ, ಕಿಟಕಿಯ ಪಕ್ಕ ನಮ್ಮ ಮೇಷ್ಟ್ರ ಕುರ್ಚಿ. ಬಾಗಿಲು ತೆಗೆದ ಕೂಡಲೇ ಅಸಿಟೋನ್ ವಾಸನೆ. ಉಗುರುಬಣ್ಣ ಅಳಿಸುವಾಗ ಬರುತ್ತದಲ್ಲ, ಅದೇ. ಈಗಲೂ ಮಗಳು ಉಗುರು ಒರೆಸಲು ಕೂತರೆ ನಾನು ನೆಪ ಹುಡುಕಿಕೊಂಡು ಹತ್ತಿರ ಹೋಗಿ ಕೂರುತ್ತೇನೆ. ಒಂದು ಗಳಿಗೆ ನನಗೆ ಇಪ್ಪತ್ತೈದು ವರ್ಷ ವಯಸ್ಸು.

ಮೇಷ್ಟ್ರು ಅಂದರೆ ಲ್ಯಾಬಿನ ಮುಖ್ಯಸ್ಥರು. ಹಿಂದೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಸಿಡುಕು ಮುಖ, ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ಭೂತಗನ್ನಡಿ, ಜೇಬಿನಲ್ಲಿ ಸದಾ ಒಂದು ಹಿಡಿ ಹತ್ತಿ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಮೇಜಿನ ಮೇಲಿದ್ದ ಮುರಿದ ಬೋಲ್ಟಿನ ಎರಡು ತುಂಡನ್ನು ಎತ್ತಿ ಜೋಡಿಸಲು ಹೋದೆ. ಅವರು ಸ್ಕೇಲಿನಿಂದ ನನ್ನ ಕೈಗೆ ಪಟ್ಟೆಂದು ಬಾರಿಸಿದರು.

"ಮುರಿದದ್ದು ಮಾತಾಡತ್ತಮ್ಮ. ನೀನು ಅದರ ಬಾಯಿ ಒತ್ತಿ ಮುಚ್ಚಿದ್ರೆ ಹೇಗೆ ಮಾತಾಡತ್ತೆ?"

ಆಮೇಲೆ ಕುರ್ಚಿ ಎಳೆದು ಕೂರಿಸಿ ವಿವರಿಸಿದರು. ಮುರಿದ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳಿರುತ್ತವೆ. ಎರಡು ತುಂಡನ್ನು ಮತ್ತೆ ಒತ್ತಿದರೆ ಅವು ಒಂದನ್ನೊಂದು ಉಜ್ಜಿ ನುಣ್ಣಗಾಗಿಬಿಡುತ್ತವೆ, ಬರೆದದ್ದೆಲ್ಲ ಅಳಿಸಿ ಹೋಗುತ್ತದೆ. ಬೆರಳೂ ತಾಗಿಸಬಾರದು, ಬೆವರಿಗೆ ತುಕ್ಕು ಹಿಡಿಯುತ್ತದೆ. ತಂತಿ ಬ್ರಷ್ಷಂತೂ ಮಹಾಪಾಪ.

ಅವರು ಕಲಿಸಿದ್ದು ಓದುವುದನ್ನು. ಲೋಹ ಒಂದೇ ಏಟಿಗೆ ಮುರಿಯುವುದು ಬೇರೆ, ದಿನಾ ಸ್ವಲ್ಪ ಸ್ವಲ್ಪ ದಣಿದು ಮುರಿಯುವುದು ಬೇರೆ. ದಣಿದು ಮುರಿದದ್ದರಲ್ಲಿ ಬಿರುಕು ಒಂದು ಚುಕ್ಕೆಯಿಂದ ಹೊರಟು ತಿಂಗಳುಗಟ್ಟಲೆ ಒಳಗೆ ನಡೆದುಬರುತ್ತದೆ. ಯಂತ್ರ ನಿಂತಾಗ ಅದೂ ನಿಲ್ಲುತ್ತದೆ, ಮತ್ತೆ ಓಡಿದಾಗ ಮುಂದುವರಿಯುತ್ತದೆ. ನಿಂತು ನಿಂತು ಹೋದ ಜಾಗಗಳಲ್ಲಿ ಬಿಲ್ಲಿನಂತಹ ಗೆರೆಗಳು ಉಳಿಯುತ್ತವೆ. ಮರಳಿನ ಮೇಲೆ ಅಲೆ ಬಿಟ್ಟುಹೋದ ಗುರುತಿನ ಹಾಗೆ ಕಾಣುವುದರಿಂದ ಪುಸ್ತಕಗಳಲ್ಲಿ ಬೀಚ್ ಮಾರ್ಕ್ ಎನ್ನುತ್ತಾರೆ, ನಮ್ಮ ಮೇಷ್ಟ್ರು ಅಲೆಗೆರೆ ಎನ್ನುತ್ತಿದ್ದರು. ಆ ಬಿಲ್ಲುಗಳೆಲ್ಲ ಯಾವ ಚುಕ್ಕೆಯನ್ನು ಸುತ್ತುವರಿದಿವೆಯೋ ಅಲ್ಲಿಂದಲೇ ಬಿರುಕು ಹುಟ್ಟಿದ್ದು. ಎರಡು ಅಲೆಗೆರೆಗಳ ನಡುವೆ ಇನ್ನೂ ಸಾವಿರಾರು ನವಿರಾದ ಗೀರುಗಳಿರುತ್ತವೆ. ಅವು ಸ್ಟ್ರಿಯೇಷನ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಂಥವು. ಬಿರುಕು ಓಡುವ ಹಾದಿಯಲ್ಲಿ ಯಂತ್ರದ ತಿರುಗುವ ದಂಡ, ಅಂದರೆ ಶಾಫ್ಟು, ಒಂದೊಂದು ಸಲ ಸುತ್ತಿದಾಗಲೂ ಹೆಚ್ಚುಕಡಿಮೆ ಒಂದು ಗೀರು. ಎಳೆದು ಹರಿದ ಲೋಹದಲ್ಲಿ ಗೀರಿರುವುದಿಲ್ಲ, ಗುಳಿಗಳಿರುತ್ತವೆ, ಕೆನ್ನೆಯ ಗುಳಿಯ ಹೆಸರೇ ಅವಕ್ಕೂ, ಡಿಂಪಲ್. ಫಟ್ಟೆಂದು ಸೀಳಿದ್ದರಲ್ಲಿ ಚಪ್ಪಟೆಯಾದ ಪುಟ್ಟ ಪುಟ್ಟ ಮುಖಗಳು, ಬೆಳಕಿಗೆ ಹಿಡಿದರೆ ಕಲ್ಲುಸಕ್ಕರೆಯಂತೆ ಮಿನುಗುತ್ತವೆ. ಅದು ಕ್ಲೀವೇಜ್. ಇಷ್ಟೇ ನಮ್ಮ ವಿದ್ಯೆ. ಹೇಳಲು ಅರ್ಧ ಪುಟ, ಕಲಿಯಲು ಅರ್ಧ ಆಯುಷ್ಯ.

ನಾನು ಸೇರಿ ಎರಡು ವರ್ಷವಾಗುವ ಹೊತ್ತಿಗೆ ಮೇಷ್ಟ್ರ ಕಣ್ಣಿಗೆ ಪೊರೆ ಬಂತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿ, ತಾವು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು, "ಏನು ಕಾಣತ್ತೆ ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಅರ್ಥ ಬಿಡಿಸುತ್ತಿದ್ದರು. ನಾನೇ ಗುರುತಿಸಿ ಆಪರೇಷನ್‌ಗೆ ಹೋಗಿ ಎಂದರೆ, ಮೊದಲು ರಿಟೈರ್ ಆಗಲಿ ಎನ್ನುವ ಹಟ. ಇನ್ನು ನಾಲ್ಕು ತಿಂಗಳಿತ್ತು.

ಆಗಲೇ ಎರಕದ ಶೆಡ್ಡಿನ ಕ್ರೇನು ಬಿದ್ದದ್ದು. ಕ್ರೇನು ಬಿದ್ದಿತೆಂದು ಊರೆಲ್ಲ ಹೇಳಿದರೂ ನಿಜವಾಗಿ ಮುರಿದದ್ದು ಉಕ್ಕಿನ ಹಗ್ಗ ಸುತ್ತುವ ಡ್ರಮ್ಮಿನ ಶಾಫ್ಟು. ನೇತಾಡುತ್ತಿದ್ದ ಎರಕದ ದಿಮ್ಮಿ ಒಂದಾಳೆತ್ತರದಿಂದ ಕುಸಿಯಿತು. ಕೊಕ್ಕೆ ಹಾಕಿಸಿ ಕೆಳಗೆ ನಿಂತಿದ್ದ ಮನುಷ್ಯ ಹಾರಿಕೊಂಡರೂ ಬಲಗಾಲು ಸಿಕ್ಕಿಹಾಕಿಕೊಂಡಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ಮೇಲೆ ಕ್ರೇನು ಓಡಿಸುತ್ತಿದ್ದವರು ಅವರ ಹೆಂಡತಿಯ ಸ್ವಂತ ಅಣ್ಣ. ಒಂದೇ ಬೀದಿಯಲ್ಲಿ ಎದುರುಬದುರು ಮನೆ, ಭಾವ-ಮೈದುನ ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವರು.

ಮೂರನೇ ದಿನ ಶೆಡ್ಡಿನ ಮ್ಯಾನೇಜರ್ ಸ್ವತಃ ಶಾಫ್ಟಿನ ಎರಡು ತುಂಡುಗಳನ್ನು ಲ್ಯಾಬಿಗೆ ಹೊರಿಸಿಕೊಂಡು ಬಂದರು. ಮುರಿದ ಕಡೆಯ ಗೇಣುದ್ದವನ್ನು ಮಾತ್ರ ಕೊಯ್ದು ತಂದಿದ್ದರು, ಗ್ರೀಸು ಮೆತ್ತಿಕೊಂಡ ಎರಡು ದಪ್ಪ ಬಿಲ್ಲೆಗಳು.

"ನೋಡಿ ಸಾರ್, ಇಲ್ಲಿ ಹೇಗೆ ಹೊಳೀತಿದೆ" ಎಂದು ಅವರು ಅಂಚಿನಲ್ಲಿದ್ದ ಮಿನುಗುವ ತುಣುಕು ತೋರಿಸಿದರು. "ಆಪರೇಟರ್ ಜಗ್ಗಿ ಎತ್ತಿದಾನೆ. ಇಲ್ಲಾಂದ್ರೆ ಹೆಚ್ಚಿಗೆ ಭಾರ ಹಾಕಿದಾನೆ. ದಿಮ್ಮಿಗೆ ಅಂಟಿದ ಅಚ್ಚಿನ ಮರಳೇ ಬಿಡಿಸಿರ್ಲಿಲ್ವಂತೆ, ಅದರ ಭಾರ ಬೇರೆ. ನೀವು ಓವರ್‌ಲೋಡ್ ಅಂತ ಒಂದು ಸಾಲು ಬರೆದ್ರೆ ಸಾಕು. ಶುಕ್ರವಾರ ವಿಚಾರಣೆ."

"ಬರೆಯೋದು ಶಾಫ್ಟು. ನಾನು ಬರೀ ಓದೋನು" ಎಂದರು ಮೇಷ್ಟ್ರು. ಮ್ಯಾನೇಜರ್ ಮುಖ ಗಂಟುಹಾಕಿಕೊಂಡು ಹೋದರು.

ಅವರು ಹೋದ ಮೇಲೂ ಹೊರಗಿನ ಬೆಂಚಿನ ಮೇಲೆ ಒಬ್ಬರು ಕೂತೇ ಇದ್ದರು. ಕ್ರೇನ್ ಆಪರೇಟರ್. ಸಸ್ಪೆಂಡ್ ಆಗಿದ್ದರಿಂದ ಶೆಡ್ಡಿಗೆ ಬಿಡುತ್ತಿರಲಿಲ್ಲ, ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ನಾನು ಬಾಗಿಲಿಗೆ ಬಂದಾಗ ಎದ್ದು ನಿಂತರು.

"ಮೇಡಂ, ನಾನು ಜಗ್ಗಿಲ್ಲ. ಹೋಗ್ಲಿ ಬಿಡಿ, ಕೆಲಸ ಹೋದ್ರೆ ಹೋಗ್ಲಿ. ನನ್ನ ತಂಗಿ ನನ್ನ ಮುಖಾನೇ ನೋಡ್ತಿಲ್ಲ. ಆಸ್ಪತ್ರೆಗೆ ಹೋದ್ರೆ ಬಾಗಿಲಲ್ಲೇ ನಿಲ್ಲಿಸ್ತಾಳೆ. ಗಂಡನ ಕಾಲು ತಿಂದೆ ಅಂತಾಳೆ. ನಾನು ಸಾಕಿದ ಕೂಸು ಮೇಡಂ ಅದು."

"ನೋಡ್ತೀವಿ, ಕೂತ್ಕೊಳ್ಳಿ" ಎಂದು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಮೊದಲು ಬಿಲ್ಲೆಗಳನ್ನು ದ್ರಾವಕದಲ್ಲಿ ಅದ್ದಿ ಗ್ರೀಸು ಬಿಡಿಸಿದೆ. ಆಮೇಲೆ ಅಸಿಟೋನಿನಲ್ಲಿ ಮೆತ್ತಗಾಗಿಸಿದ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದ ಮುಖದ ಮೇಲೆ ಮೃದುವಾಗಿ ಒತ್ತಿ, ಒಣಗಿದ ಮೇಲೆ ಕಿತ್ತೆ. ಮೊದಲ ಪಟ್ಟಿ ಕೊಳೆಯನ್ನು ಎಳೆದುಕೊಂಡು ಬರುತ್ತದೆ, ಆಮೇಲಿನದು ಮುಖದ ಪಡಿಯಚ್ಚು. ಎರಡು ತುಂಡುಗಳದ್ದೂ ಪಡಿಯಚ್ಚು ತೆಗೆದು ಲಕೋಟೆಯಲ್ಲಿ ಹಾಕಿ ಮೇಷ್ಟ್ರ ಮೇಜಿನ ಡ್ರಾಯರಿಗೆ ಸೇರಿಸಿದೆ. ಪಡಿಯಚ್ಚು ಮೊದಲು, ನೋಡುವುದು ಆಮೇಲೆ. ಇದು ಅವರ ಲ್ಯಾಬಿನ ಕ್ರಮ, ಕೈ ತಾನಾಗಿ ಮಾಡಿಬಿಡುತ್ತಿತ್ತು.

ಸೂಕ್ಷ್ಮದರ್ಶಕದ ಕೆಳಗೆ ಒಂದು ಬಿಲ್ಲೆ ಇಟ್ಟು ದೀಪವನ್ನು ಪಕ್ಕಕ್ಕೆ ವಾಲಿಸಿದೆ. ಓರೆ ಬೆಳಕಿನಲ್ಲಿ ಅಲೆಗೆರೆಗಳು ಎದ್ದು ಬಂದವು. ನೆನೆದರೆ ಈಗಲೂ ರೋಮಾಂಚನವಾಗುತ್ತದೆ, ಅಂಥ ಸ್ಪಷ್ಟ ಗೆರೆಗಳನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

"ಹೇಳು" ಎಂದರು ಮೇಷ್ಟ್ರು ಕಣ್ಣು ಮುಚ್ಚಿ.

"ಅಲೆಗೆರೆ ಇದೆ ಸಾರ್. ಒಂದು ಅಂಚಿಂದ ಶುರುವಾಗಿ ಮುಕ್ಕಾಲಿಗಿಂತ ಜಾಸ್ತಿ ಜಾಗ ಆವರಿಸಿದೆ. ನುಣ್ಣಗಿದೆ, ಕಂದು ಬಣ್ಣ. ಎದುರು ಅಂಚಲ್ಲಿ ಆರನೇ ಒಂದು ಪಾಲು ಮಾತ್ರ ಒರಟು. ಅಲ್ಲೇ ಹೊಳೆಯೋದು. ಕ್ಲೀವೇಜ್ ಮುಖಗಳು."

ಅವರು ತೊಡೆ ತಟ್ಟಿಕೊಂಡರು. "ನೋಡಿದ್ಯಾ! ಆ ಮ್ಯಾನೇಜರ್ ಪುಣ್ಯಾತ್ಮ ಕೊನೇ ಪುಟ ಓದಿ ಕಥೆ ಹೇಳ್ತಿದಾನೆ. ಹೊಳೆಯೋದು ಕೊನೇ ಗಳಿಗೇಲಿ ಫಟ್ ಅಂದ ಭಾಗ. ಅಲ್ಲಿವರೆಗೂ ಆರನೇ ಒಂದು ಪಾಲೇ ಇಡೀ ಭಾರ ಹೊತ್ತಿದೆ ಅಂದ್ರೆ ಆ ಭಾರ ಎಷ್ಟಿರಬಹುದು ಹೇಳು? ಹೆಚ್ಚಿದ್ದಿದ್ರೆ ಅರ್ಧ ಶಾಫ್ಟು ಉಳಿದಿರೋವಾಗ್ಲೇ ಹೋಗ್ತಿತ್ತು. ಆ ಆಪರೇಟರ್ ಪಾಪ, ಏನೂ ಮಾಡಿಲ್ಲ."

ನನಗೂ ಸಂತೋಷವಾಯಿತು. ಓಡಿಹೋಗಿ ಬೆಂಚಿನ ಮೇಲಿದ್ದವರಿಗೆ ಹೇಳಿಬಿಡಬೇಕು ಅನ್ನಿಸಿತು.

"ಆತುರ ಬೇಡ" ಎಂದು ಮೇಷ್ಟ್ರು ಎದ್ದರು. "ದಣಿವು ಅಂತ ಬರೆದ್ರೆ ಮ್ಯಾನೇಜರ್ ಬಿಡಲ್ಲ. ಇವನೇ ದಿನಾ ಜಗ್ಗಿ ಜಗ್ಗಿ ದಣಿಸ್ದ ಅಂತಾನೆ. ಹುಟ್ಟಿದ ಜಾಗ ಬೇಕು. ಹುಡುಕಿರು, ನಾನು ಟೀ ಕುಡಿದು ಬರ್ತೀನಿ."

ಅವರು ಹೋದರು. ನಾನು ಬಿಲ್ಲುಗಳನ್ನು ಹಿಂಬಾಲಿಸಿ ಹಿಂದಕ್ಕೆ ಹೋದೆ. ಬರಬರುತ್ತಾ ಅವು ಚಿಕ್ಕದಾದವು, ಉಗುರಿನಷ್ಟು, ಮಸೂರದ ಕಾಳಿನಷ್ಟು. ಕೊನೆಗೆ ಅಂಚಿನ ಒಂದು ಕಚ್ಚಿನಲ್ಲಿ ಹೋಗಿ ನಿಂತವು. ಶಾಫ್ಟಿನ ದಪ್ಪ ಭಾಗ ಸಣ್ಣ ಭಾಗಕ್ಕೆ ಇಳಿಯುವ ತಿರುವು ಅದು, ಬಾಗುವ ಒತ್ತಡವೆಲ್ಲ ಬಂದು ಸೇರುವ ಜಾಗ. ಬಿಲ್ಲೆಯನ್ನು ಮಗ್ಗುಲಾಗಿಸಿ ಹೊರಮೈ ನೋಡಿದೆ. ಅಳಿದುಳಿದ ಬಣ್ಣದಡಿಯಲ್ಲಿ ಉಕ್ಕಿಗೆ ಹೊಡೆದ ಅಂಕಿಗಳಿದ್ದವು. ಅವುಗಳ ತಲೆ ಇನ್ನೊಂದು ತುಂಡಿನಲ್ಲಿ ಉಳಿದಿತ್ತು, ಬುಡ ಇದರಲ್ಲಿ. ಮೂರನೆಯ ಅಂಕಿಯ ಬುಡ ಎರಡೆರಡಾಗಿತ್ತು, ಮೊದಲ ಏಟು ಜಾರಿ ಮತ್ತೊಮ್ಮೆ ಹೊಡೆದ ಹಾಗೆ. ಆ ಎರಡನೆಯ ಏಟಿನ ಚೂಪಾದ ತಳದಲ್ಲೇ ಬಿರುಕು ಹುಟ್ಟಿತ್ತು.

ಆ ಅಂಕಿ ಹೊಡೆದವಳು ನಾನು.

ಹೊಸ ಶಾಫ್ಟು ಬಂದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ, ಪಾಸಾದರೆ ನಮ್ಮ ನಂಬರನ್ನು ಉಕ್ಕಿನ ಅಚ್ಚುಗಳಿಂದ ಸುತ್ತಿಗೆಯಲ್ಲಿ ಹೊಡೆಯುವುದು ರೂಢಿ. ಶಾಫ್ಟಿನ ತುದಿಯ ಮುಖದ ಮೇಲೆ ಹೊಡೆಯಬೇಕು, ಅಲ್ಲಿ ಭಾರ ಬೀಳುವುದಿಲ್ಲ. ನಾನು ಸೇರಿದ ಮೊದಲ ತಿಂಗಳು ಅದು. ಫಿಟ್ ಮಾಡಿದ ಮೇಲೆ ತುದಿಯ ನಂಬರು ಮುಚ್ಚಿಹೋಗುತ್ತದೆ, ಹುಡುಕಲು ಆಗುವುದಿಲ್ಲ ಎಂದು ಸ್ಟೋರಿನವರು ಗೊಣಗಿದ್ದರು. ಎಲ್ಲಿ ಹೊಡೆಯಲಿ ಎಂದು ಕೇಳಿದೆ. ಮೇಷ್ಟ್ರು ಏನೋ ಬರೆಯುತ್ತಾ ತಲೆಯೆತ್ತದೆ, "ಕಾಣೋ ಕಡೆ ಹೊಡಿ" ಎಂದಿದ್ದರು. ನಾನು ಚೆನ್ನಾಗಿ ಕಾಣುವ ಕಡೆ ಹೊಡೆದೆ. ಮೂರನೆಯದನ್ನು ಹೊಡೆಯುವಾಗ ಸುತ್ತಿಗೆ ಜಾರಿತು. ಅಂದವಾಗಿ ಬರಲೆಂದು ಇನ್ನೊಮ್ಮೆ ಬಲವಾಗಿ ಹೊಡೆದೆ.

ಇದು ಪಾಸಾಗಿದೆ ಎಂದು ಹೇಳಲು ಹಾಕಿದ ಗುರುತು ಅದು.

ಮುಂದಿನದನ್ನು ಮರೆಮಾಚದೆ ಹೇಳುತ್ತೇನೆ. ಮೇಷ್ಟ್ರಿಗೆ ಇದು ಕಾಣುವುದಿಲ್ಲ ಎಂದು ನನ್ನ ತಲೆಗೆ ಮೊದಲು ಹೊಳೆಯಿತು. ಬೇರೆ ಯಾರೂ ನೋಡುವುದಿಲ್ಲ. ಹುಟ್ಟಿದ ಜಾಗ ಹಾಳಾಗಿದೆ, ಗೊತ್ತಾಗುತ್ತಿಲ್ಲ ಎಂದರೆ ಮುಗಿಯಿತು. ದಣಿವಿನ ಮಾತು ವರದಿಯಲ್ಲಿ ಇದ್ದೇ ಇರುತ್ತದೆ, ಆಪರೇಟರ್ ಹೇಗೋ ಬಚಾವಾಗಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹುಟ್ಟಿದ ಜಾಗ ಸಿಗದೆ ಅದು ಆಗುವುದಿಲ್ಲ ಎಂದು ಮೇಷ್ಟ್ರು ಐದು ನಿಮಿಷದ ಹಿಂದೆ ಹೇಳಿದ್ದು ಕಿವಿಯಲ್ಲೇ ಇತ್ತು. ಆದರೂ ನಾನು ಇನ್ನೊಂದು ತುಂಡನ್ನು ಎತ್ತಿದೆ. ಮೊದಲನೆಯದರ ಮೇಲೆ ಇಟ್ಟೆ. ಅಂಕಿಯ ತಲೆ ಬುಡಕ್ಕೆ ಸರಿಯಾಗಿ ಕೂತಿತು. ಅಂಗೈಯಿಂದ ಒತ್ತಿ ಒಂದೇ ಒಂದು ಚೂರು ತಿರುಗಿಸಿದೆ. ಕರ್ ಎಂದಿತು.

ಆ ಸದ್ದು ಕೇಳಿದಾಗ ನನಗೆ ನನ್ನ ಮೇಲೆ ಬಂದ ಅಸಹ್ಯವನ್ನು ಹೇಳಲಾರೆ. ಬಿಡಿಸಿ ನೋಡಿದರೆ ಹುಟ್ಟಿದ ಜಾಗದಲ್ಲಿ ಬೆಳ್ಳಗೆ ಹೊಳೆಯುವ ಸವೆತ. ತಲೆಯೆತ್ತಿದೆ. ಕಿಟಕಿಯಾಚೆ ಬೆಂಚಿನ ಮೇಲೆ ಆಪರೇಟರ್ ಮೊಣಕಾಲಿಗೆ ಕೈಕಟ್ಟಿ ಕೂತಿದ್ದರು. ನನ್ನನ್ನು ಕಂಡು ಮರ್ಯಾದೆಗೆಂದು ಅರ್ಧ ಎದ್ದರು. ಈ ಹುಡುಗಿ ನಮ್ಮ ಕೆಲಸ ಮಾಡುತ್ತಿದ್ದಾಳೆ ಎನ್ನುವ ನಂಬಿಕೆ ಆ ಮುಖದಲ್ಲಿತ್ತು.

ಮೇಷ್ಟ್ರು ಬಂದಾಗ ನಾನು ಅಳುತ್ತಿದ್ದೆ. ಎರಡನ್ನೂ ಹೇಳಿದೆ, ಅಂಕಿ ನನ್ನದು ಅಂತಲೂ, ಈಗ ತಾನೇ ಒತ್ತಿದೆ ಅಂತಲೂ. ಸ್ಕೇಲು ಎತ್ತುತ್ತಾರೆ ಅಂದುಕೊಂಡೆ. ಅವರು ಗೋಡೆ ಹಿಡಿದು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು.

"ತಿರುಗಿಸಿದ್ಯಾ, ಬರೀ ಒತ್ತಿದ್ಯಾ?"

"ತಿರುಗಿಸಿದೆ ಸಾರ್."

"ಕತ್ತೆ" ಎಂದರು. ಮತ್ತೆ, "ಬೆಳಿಗ್ಗೆ ಪಡಿಯಚ್ಚು ತೆಗೆದಿದ್ಯಾ?" ಎಂದರು.

ನನಗೆ ಅದರ ನೆನಪೇ ಇರಲಿಲ್ಲ. ಗಾಬರಿಯಾದವರ ಬುದ್ಧಿ ಎಲ್ಲಿಗೆ ಓಡುತ್ತದೆ! ಅಳಿಸಬೇಕೆಂದಿದ್ದದ್ದನ್ನು ನಾನೇ ನನ್ನ ಕೈಯಾರೆ ಎತ್ತಿ, ತಾರೀಖು ಬರೆದು, ಅವರ ಡ್ರಾಯರಿನಲ್ಲಿ ಇಟ್ಟಿದ್ದೆ.

"ತೆಗೆದಿದೀನಿ. ಎರಡರದ್ದೂ."

"ಸದ್ಯ, ಕೈಗಾದ್ರೂ ಬುದ್ಧಿ ಇದೆ" ಎಂದರು. ಆಮೇಲೆ ಧ್ವನಿ ಇಳಿಯಿತು. "ಎಲ್ಲಿ ಹೊಡಿಬೇಕು ಅಂತ ನೀನು ನನ್ನ ಕೇಳಿದ್ದೆ. ನಾನು ಏನಂದೆ?"

"ಕಾಣೋ ಕಡೆ ಅಂದ್ರಿ."

"ತಲೆ ಎತ್ತಿ ನೋಡಿದ್ನಾ?"

ಅವರು ಕನ್ನಡಕ ತೆಗೆದು ಹತ್ತಿಯಿಂದ ಬಹಳ ಹೊತ್ತು ಒರೆಸಿದರು.

ವರದಿಯನ್ನು ಅವರು ಹೇಳಿ ನಾನು ಬರೆದೆ. ಪಡಿಯಚ್ಚುಗಳನ್ನೂ, ಶಾಫ್ಟಿನಿಂದ ಕೊಯ್ದ ಸಣ್ಣ ತುಂಡನ್ನೂ ವಿಶ್ವವಿದ್ಯಾಲಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಯ್ದಿದ್ದೆವು. ಪಡಿಯಚ್ಚಿನಲ್ಲಿ ಅಂಕಿಯ ತಳದಿಂದ ಹೊರಟ ಬಿರುಕು ಸ್ಪಷ್ಟವಾಗಿತ್ತು. ಅಲೆಗೆರೆಗಳ ನಡುವೆ ಸ್ಟ್ರಿಯೇಷನ್‌ಗಳು ಒತ್ತೊತ್ತಾಗಿದ್ದವು. ಅವುಗಳ ಅಂತರ ಅಳೆದು ಅಂದಾಜು ಮಾಡಿದರೆ ಲಕ್ಷಕ್ಕೂ ಮೀರಿದ ಸುತ್ತು. ದಿನಕ್ಕೆ ಡ್ರಮ್ಮು ಎಷ್ಟು ಸುತ್ತುತ್ತದೆ ಎನ್ನುವುದು ಶೆಡ್ಡಿನ ದಾಖಲೆಯಲ್ಲಿತ್ತು. ಬಿರುಕು ಕಡಿಮೆಯೆಂದರೂ ಆರು ತಿಂಗಳಿಂದ ಬೆಳೆಯುತ್ತಿತ್ತು. ಕೊನೆಯ ಭಾಗದಲ್ಲಿ ಕ್ಲೀವೇಜ್, ಹೊರ ಅಂಚಿನ ಕಿರಿದಾದ ತುಟಿಯಂಥ ಪಟ್ಟಿಯಲ್ಲಿ ಡಿಂಪಲ್. ಆ ಎರಡೂ ಕೊನೆಯ ಕ್ಷಣದವು.

ಕಾರಣದ ಸಾಲಿಗೆ ಬಂದಾಗ ಅವರು, "ಈ ಲ್ಯಾಬಿನವರು, ಲ್ಯಾಬ್ ಮುಖ್ಯಸ್ಥನ ಸೂಚನೆಯಂತೆ, ತಪ್ಪು ಜಾಗದಲ್ಲಿ ಹೊಡೆದ ಗುರುತಿನ ಅಂಕಿ" ಎಂದು ಬರೆಸಿದರು. ಮುಂದೆ, "ಪರೀಕ್ಷೆಯ ವೇಳೆ ಮುರಿದ ಮುಖಕ್ಕೆ ಲ್ಯಾಬಿನಲ್ಲೇ ಹಾನಿಯಾಗಿದೆ" ಎಂದು ಇನ್ನೊಂದು ಸಾಲು. ನಾನು ಪೆನ್ನು ನಿಲ್ಲಿಸಿ, ನನ್ನ ಹೆಸರು ಹಾಕಿ ಎಂದೆ.

"ಅಂಕಿ ಹೊಡೆದ ರಿಜಿಸ್ಟರಲ್ಲಿ ನಿನ್ನ ಸಹಿ ಇದೆ. ಬೇಕಾದವರು ತೆಗೆದು ನೋಡ್ಲಿ. ಲ್ಯಾಬು ನಂದು, ಬರಿ."

ವಿಚಾರಣೆಯಲ್ಲಿ ಮ್ಯಾನೇಜರ್ ಬಾಯಿ ಕಟ್ಟಿತು. ಆಪರೇಟರಿಗೆ ಕೆಲಸ ಮರಳಿತು. ಮೇಷ್ಟ್ರಿಗೆ ಒಂದು ವರ್ಷ ಮುಂದುವರಿಸುವ ಮಾತಿತ್ತು, ಅದು ನಿಂತುಹೋಯಿತು. ಬೀಳ್ಕೊಡುಗೆಗೆ ಮೇಲಿನವರು ಯಾರೂ ಬರಲಿಲ್ಲ. ಆ ದಿನ ಅವರು ಭೂತಗನ್ನಡಿಯನ್ನು ನನಗೆ ಕೊಡುತ್ತಾರೆಂದು ಆಸೆ ಪಟ್ಟಿದ್ದೆ, ಕೊಡಲಿಲ್ಲ. ಕಣ್ಣು ಸರಿಹೋದ ಮೇಲೆ ತಮಗೇ ಬೇಕಾಗುತ್ತದೆ ಎಂದರು.

ವಿಚಾರಣೆ ಮುಗಿದ ಸಂಜೆಯೇ ನಾನು ಆಪರೇಟರನ್ನು ಹುಡುಕಿಕೊಂಡು ಹೋಗಿ ಅಂಕಿ ಹೊಡೆದವಳು ನಾನೆಂದು ಹೇಳಿದ್ದೆ. ಅವರು, "ಸರಿ ಮೇಡಂ, ಮನೆಗೆ ಹೋಗಿ, ಹೊತ್ತಾಯ್ತು" ಎಂದರು, ಅಷ್ಟೇ. ಎರಡು ವಾರವಾದ ಮೇಲೂ ಅವರು ಒಬ್ಬರೇ ಸೈಕಲ್ಲು ತಳ್ಳಿಕೊಂಡು ಬರುವುದು ಕಂಡಿತು. ತಂಗಿಯ ಸಿಟ್ಟು ಇನ್ನೂ ಇಳಿದಿಲ್ಲವಂತೆ. ಕಾಗದದಲ್ಲಿ ಏನು ಬೇಕಾದರೂ ಬರೆಸಬಹುದು, ಮೇಲಿದ್ದವನು ಅಣ್ಣನೇ ತಾನೆ, ಎನ್ನುತ್ತಾರಂತೆ. ಕೇಳಿ ನನಗೆ ತಡೆಯಲಾಗಲಿಲ್ಲ. ಭಾನುವಾರ ಮಧ್ಯಾಹ್ನ ಮುರಿದ ಮುಖದ ದೊಡ್ಡ ಫೋಟೋ ಹಿಡಿದುಕೊಂಡು ಆ ತಂಗಿಯ ಮನೆಗೆ ಹೋದೆ.

ಅಡುಗೆಮನೆಯ ನೆಲದಲ್ಲೇ ಕೂತೆವು. ಒಳಕೋಣೆಯ ಮಂಚದ ಮೇಲೆ ಅವರ ಗಂಡ ಗೋಡೆಗೊರಗಿ ಕೂತಿದ್ದರು, ಬಾಗಿಲು ತೆರೆದೇ ಇತ್ತು. ನಾನು ಫೋಟೋ ಹರಡಿ ಬೆರಳಿಟ್ಟು ತೋರಿಸಿದೆ. ಇಲ್ಲಿಂದ ಇಲ್ಲಿಯವರೆಗೆ ತಿಂಗಳುಗಟ್ಟಲೆ ಬಿರುಕು ಬೆಳೆದದ್ದು. ಆ ದಿನ ಮುರಿದದ್ದು ಈ ಮೂಲೆ ಮಾತ್ರ. ನಿಮ್ಮಣ್ಣ ಅಲ್ಲದೆ ಬೇರೆ ಯಾರು ಎತ್ತಿದ್ದರೂ ಅದು ಬೀಳುತ್ತಿತ್ತು. ಆಕೆ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಬುದ್ಧಿವಂತೆ, ಎರಡನೆಯ ಸಲ ಹೇಳಿಸಲಿಲ್ಲ.

"ಈ ನಂಬರ್ ಹೊಡೆದದ್ದು ಯಾರು?"

"ನಾನು."

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಆಕೆ ಅದನ್ನು ಇಳಿಸಲೂ ಇಲ್ಲ, ನನ್ನ ಮುಖದಿಂದ ಕಣ್ಣು ತೆಗೆಯಲೂ ಇಲ್ಲ. ಬೈಯಲಿ ಎಂದು ನಾನು ಕಾದೆ. ಬೈದರೆ ಒಳ್ಳೆಯದಿತ್ತು.

"ನಮ್ಮಣ್ಣಂಗೆ ಗೊತ್ತಾ?"

"ಗೊತ್ತು. ವಿಚಾರಣೆ ಮುಗಿದವತ್ತೇ ಹೇಳಿದೆ."

"ಅವತ್ತೇ?" ಆಕೆ ಬೀದಿಗೆ ತೆರೆದ ಕಿಟಕಿಯತ್ತ ಕೈ ತೋರಿದರು. "ದಿನಾ ಆ ಕಿಟಕಿ ಹತ್ರ ನಿಂತು ಬೈತಿದ್ದೆ ನಾನು. ಮೊನ್ನೆ ಬಾಯಿಗೆ ಬಂದ ಹಾಗೆ ಅಂದೆ. ಒಂದು ಮಾತು, ಇಂಥವರು ಹೊಡೆದದ್ದಂತೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

ಒಳಕೋಣೆಯಿಂದ ಗಂಡ ಮಾತಾಡಿದರು. "ನೀನು ಅಂಗಡಿಗೆ ಹೋದಾಗ ಬಂದು ನನಗೆ ಹೇಳಿದ್ದ. ನಿನಗೆ ಹೇಳ್ಬೇಡ ಅಂದ. ಆ ಹುಡುಗಿ ಇನ್ನೂ ಚಿಕ್ಕವಳು, ಗೊತ್ತಾದ್ರೆ ನನ್ನ ತಂಗಿ ಅವಳ ಬಾಗಿಲಿಗೆ ಹೋಗಿ ನಿಲ್ತಾಳೆ, ಇವಳ ಬೈಗುಳ ಹೇಗಿರತ್ತೆ ಅಂತ ನನಗೆ ಗೊತ್ತು, ನಾನಾದ್ರೆ ತಡ್ಕೋತೀನಿ ಅಂದ."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹಾಗೆ ಒಬ್ಬರು ಅಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೆ ತಟ್ಟನೆ ಎದ್ದರು. ಮುಖ ತೊಳೆಯಲಿಲ್ಲ, ಚಪ್ಪಲಿ ಹಾಕಲಿಲ್ಲ.

"ನಾನು ಎದುರು ಮನೆಗೆ ಹೋಗಿ ಬರ್ತೀನಿ. ನೀವು ಇವರ ಹತ್ರ ಕೂತಿರಿ" ಎಂದು ನನಗೆ ಹೇಳಿ, ಬೀದಿ ದಾಟಿ ಓಡಿದರು.

ನಾನು ಒಲೆ ಆರಿಸಿದೆ. ಒಳಕೋಣೆಯ ಬಾಗಿಲಲ್ಲಿ ನಿಂತೆ, ಒಳಗೆ ಕಾಲಿಡಲು ಧೈರ್ಯವಿರಲಿಲ್ಲ. ಮಂಚದ ಮೇಲೆ ಹೊದಿಕೆ ಬಲಗಾಲಿನ ಕಡೆ, ಮೊಣಕಾಲಿನ ಕೆಳಗೆ, ಚಪ್ಪಟೆಯಾಗಿತ್ತು. ಎದುರು ಮನೆಯಿಂದ ಅಳುವೂ ಬೈಗುಳವೂ ಕೂಡಿ ಕೇಳಿಬರುತ್ತಿತ್ತು, ಆಕೆ ಅಣ್ಣನನ್ನು ಈಗ ಸುಮ್ಮನಿದ್ದದ್ದಕ್ಕೆ ಬೈಯುತ್ತಿದ್ದರು. ಮಂಚದ ಮೇಲಿದ್ದವರು ಅದನ್ನು ಕೇಳಿ ಸಣ್ಣಗೆ ನಕ್ಕರು. ಆಮೇಲೆ ನನ್ನ ಕೈಯಲ್ಲಿದ್ದ ಫೋಟೋ ಕಡೆ ಕೈಚಾಚಿದರು.

"ಬಾಮ್ಮ, ಕೂತ್ಕೋ. ನನಗೂ ತೋರಿಸು, ಎಲ್ಲಿಂದ ಶುರುವಾಯ್ತು ಅಂತ."

ಮಂಚದ ಅಂಚಿನಲ್ಲಿ, ಆ ಚಪ್ಪಟೆಯಾದ ಜಾಗದಲ್ಲೇ ಕೂತು, ತೋರಿಸಿದೆ.